ವಿಷಾದ ಬೇರೆ, ತಪ್ಪೊಪ್ಪಿಗೆ ಬೇರೆ
ಅನ್ಯಾಯದ ದೂರಿಗೆ ಉತ್ತರ ಬರೆಯುವ ಬಗೆ

ಸರಕಿನ ಬಗ್ಗೆ ದೂರು ಬಂದಾಗ ನಮ್ಮ ವರ್ತಕ ಬಂಧುಗಳು ಸಾಮಾನ್ಯವಾಗಿ ಎರಡರಲ್ಲೊಂದು ದಾರಿಯನ್ನು ಹಿಡಿಯುತ್ತಾರೆ. ಮೊದಲನೆಯದು, ತಪ್ಪು ಯಾರದೆಂದು ವಿಚಾರಿಸುವ ಮೊದಲೇ "ತಪ್ಪಾಯಿತು, ಕ್ಷಮಿಸಿ, ಸರಿಪಡಿಸಿಕೊಡುತ್ತೇವೆ" ಎಂದು ಬರೆದುಬಿಡುವುದು. ಎರಡನೆಯದು, ವಕೀಲರಿಂದ ಒಂದು ಖಾರವಾದ ಪತ್ರವನ್ನು ಬರೆಯಿಸಿ, ದೂರಿನ ಪ್ರತಿಯೊಂದು ಸಾಲನ್ನೂ ಅಲ್ಲಗಳೆಯುವುದು. ಮೊದಲನೆಯದರಿಂದ ಹಣ ಹೋಗುತ್ತದೆ, ಎರಡನೆಯದರಿಂದ ಗ್ರಾಹಕರು ಹೋಗುತ್ತಾರೆ. ದೂರು ನ್ಯಾಯವಾದದ್ದಾದರೆ ಮೊದಲನೆಯ ದಾರಿಯೇ ಸರಿ. ಅಲ್ಲಿ ಚರ್ಚೆಗೆ ಎಡೆಯಿಲ್ಲ. ನಾನಿಲ್ಲಿ ಬರೆಯಲು ಹೊರಟಿರುವುದು ದೂರು ನ್ಯಾಯವಾಗಿಲ್ಲದ ಸಂದರ್ಭವನ್ನು ಕುರಿತು. ಆಗ ಮಾಡದ ತಪ್ಪನ್ನು ಒಪ್ಪದೆಯೂ ಗ್ರಾಹಕರ ವಿಶ್ವಾಸವನ್ನು ಉಳಿಸಿಕೊಳ್ಳುವ ಉತ್ತರವನ್ನು ಬರೆಯಲು ಸಾಧ್ಯವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ನಮ್ಮ ಘಟಕದಲ್ಲೇ ನಡೆದ ಒಂದು ಪ್ರಸಂಗವನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇನೆ.

ನಮ್ಮದು ಹುಬ್ಬಳ್ಳಿಯ ಒಂದು ಸಣ್ಣ ಘಟಕ. ಸತುವಿನ ಲೇಪನವಿರುವ ಉಕ್ಕಿನ ಕಾಯಿಲ್‌ಗಳನ್ನು ಕೊಂಡು ತಂದು, ಅವುಗಳಿಗೆ ಏಣು ಮೂಡಿಸಿ, ಅಳತೆಗೆ ಕತ್ತರಿಸಿ, ಛಾವಣಿಯ ತಗಡುಗಳನ್ನಾಗಿ ಮಾರುತ್ತೇವೆ. 2024ರ ಜೂನ್ 8ರಂದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ವ್ಯಾಪಾರಿಗಳಿಗೆ 12 ಅಡಿ ಉದ್ದದ 240 ತಗಡುಗಳನ್ನು ಕಳುಹಿಸಿದೆವು. ತಗಡಿಗೆ 1,400 ರೂಪಾಯಿಯಂತೆ, ಶೇ. 18ರ ಜಿಎಸ್‌ಟಿ ಸೇರಿ ಬಿಲ್ಲಿನ ಮೊತ್ತ 3,96,480 ರೂಪಾಯಿ. ಮುಂಗಡವಾಗಿ 2,46,480 ರೂಪಾಯಿ ಬಂದಿತ್ತು. ಉಳಿದ ಒಂದೂವರೆ ಲಕ್ಷಕ್ಕೆ 30 ದಿನಗಳ ವಾಯಿದೆ, ಅಂದರೆ ಜುಲೈ 8ರವರೆಗೆ.

ಜುಲೈ 15ರಂದು ಅವರಿಂದ ಪತ್ರ ಬಂದಿತು. ತಗಡುಗಳ ಮೇಲೆ ಬಿಳಿಯ ಪುಡಿ ಎದ್ದಿದೆ, ಲೇಪನ ಕಳಪೆಯಾಗಿದೆ, ತಾವು ಮೋಸ ಮಾಡಿದ್ದೀರಿ, ಅಷ್ಟೂ ಸರಕನ್ನು ಬದಲಿಸಿಕೊಡುವವರೆಗೆ ಬಾಕಿಯನ್ನು ಕೊಡುವುದಿಲ್ಲ ಎಂಬುದು ಅದರ ಸಾರಾಂಶ. ಪತ್ರ ನನ್ನ ಕೈಸೇರುವ ಮೊದಲೇ ಅವರು ನಮ್ಮ ಮಾರಾಟ ಪ್ರತಿನಿಧಿಗೆ ಛಾಯಾಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದ್ದರು. ಆತ ಗ್ರಾಹಕರನ್ನು ಸಮಾಧಾನಪಡಿಸುವ ಒಳ್ಳೆಯ ಉದ್ದೇಶದಿಂದಲೇ, "ಸಾರಿ ಸರ್, ಕೋಟಿಂಗ್ ಪ್ರಾಬ್ಲಂ ಇರಬಹುದು, ಬದಲಿಸಿಕೊಡೋಣ" ಎಂದು ಉತ್ತರಿಸಿದ್ದ. ಈ ಒಂದು ಸಾಲು ಮುಂದೆ ನಮ್ಮ ನಿದ್ರೆಗೆಡಿಸಿತು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಸತುವಿನ ಲೇಪನದ ಮೇಲೆ ಏಳುವ ಬಿಳಿಯ ಪುಡಿಗೆ ನಮ್ಮ ವೃತ್ತಿಯಲ್ಲಿ ಬಿಳಿ ತುಕ್ಕು ಎನ್ನುತ್ತಾರೆ. ತೆರೆದ ಗಾಳಿಯಲ್ಲಿರುವ ಸತುವು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ಗಳೊಡನೆ ಕೂಡಿ, ತನ್ನ ಮೈಮೇಲೆ ತೆಳುವಾದ, ಗಟ್ಟಿಯಾದ ಒಂದು ಪದರವನ್ನು ಕಟ್ಟಿಕೊಳ್ಳುತ್ತದೆ. ಆ ಪದರವೇ ಅದಕ್ಕೆ ರಕ್ಷಣೆ. ಆದರೆ ತಗಡುಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿದಾಗ ಅವುಗಳ ನಡುವೆ ನೀರು ಸೇರಿಕೊಂಡರೆ, ಅಲ್ಲಿಗೆ ಗಾಳಿಯಾಡುವುದಿಲ್ಲ. ರಕ್ಷಣೆಯ ಪದರ ಕಟ್ಟುವುದಿಲ್ಲ. ನೀರು ಸತುವನ್ನು ತಿನ್ನುತ್ತಲೇ ಹೋಗಿ ಬಿಳಿಯ, ಉಬ್ಬಿದ ಪುಡಿ ಉಂಟಾಗುತ್ತದೆ. ನೋಡುವುದಕ್ಕೆ ಬಹಳವೆಂದು ಕಂಡರೂ ಕೆಲವು ವಾರಗಳ ಕಲೆಯಲ್ಲಿ ನಷ್ಟವಾಗುವ ಸತುವು ಸಾಮಾನ್ಯವಾಗಿ ಅಲ್ಪ. ಒಳ್ಳೆಯ ಲೇಪನವಿರುವ ತಗಡಿಗೂ ಇದು ತಪ್ಪಿದ್ದಲ್ಲ.

ಆದ್ದರಿಂದ ಬಿಳಿಯ ಪುಡಿಯೇ ಕಳಪೆ ಲೇಪನಕ್ಕೆ ಸಾಕ್ಷಿಯಲ್ಲ. ಹಾಗೆಂದು ಲೇಪನ ಸರಿಯಾಗಿಯೇ ಇತ್ತೆಂದೂ ಅದರಿಂದ ಹೇಳಲಾಗದು. ನೋಡದೆ, ಅಳೆಯದೆ ಉತ್ತರ ಬರೆದರೆ ಅವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತೆ. ಅಂದೇ ಅವರಿಗೆ ಎರಡು ಸಾಲಿನ ಪತ್ರವನ್ನು ಮಾತ್ರ ಕಳುಹಿಸಿದೆ: "ತಮ್ಮ ಪತ್ರ ತಲುಪಿದೆ. ಗುರುವಾರ ನಾನೇ ಬಂದು ತಮ್ಮ ಸಮಕ್ಷಮದಲ್ಲಿ ಸರಕನ್ನು ನೋಡುತ್ತೇನೆ. ಅಲ್ಲಿಯವರೆಗೆ ತಗಡುಗಳನ್ನು ಬಿಡಿಸಿ, ಗಾಳಿಯಾಡುವಂತೆ ಒರಗಿಸಿಟ್ಟರೆ ಕಲೆ ಮುಂದುವರಿಯದು." ಇದರಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಆದರೆ ದೂರನ್ನು ಅಲಕ್ಷಿಸಿಲ್ಲವೆಂಬುದು ಅವರಿಗೆ ತಿಳಿಯಿತು. ಸರಕು ಇನ್ನಷ್ಟು ಕೆಡುವುದೂ ತಪ್ಪಿತು.

ಹೊರಡುವ ಮೊದಲು ನಮ್ಮ ಮನೆಯನ್ನೇ ಶೋಧಿಸಿಕೊಂಡೆವು. ಆ ಕಾಯಿಲ್‌ಗಳೊಡನೆ ಉಕ್ಕಿನ ಕಾರ್ಖಾನೆಯಿಂದ ಬಂದಿದ್ದ ಪರೀಕ್ಷಾ ಪ್ರಮಾಣಪತ್ರವನ್ನು ತೆಗೆದು ನೋಡಿದೆವು. ನಾವು ಒಪ್ಪಿಕೊಂಡಿದ್ದ ದರ್ಜೆ 120, ಅಂದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು. ಪ್ರಮಾಣಪತ್ರದಲ್ಲಿ ಅದಕ್ಕೆ ಕಡಿಮೆಯಿರಲಿಲ್ಲ. ಲಾರಿಗೆ ಏರಿಸಿದ ದಿನ ಸರಕು ಒಣಗಿತ್ತೇ, ಲಾರಿ ಯಾರದು, ಇಳಿಸಿಕೊಂಡವರು ಏನೆಂದು ರುಜು ಹಾಕಿದ್ದಾರೆ ಎಂಬುದನ್ನು ನೋಡಿದೆವು. ಲಾರಿ ಅವರೇ ಕಳುಹಿಸಿದ್ದು. ರಸೀತಿಯ ಮೇಲೆ "ಸುಸ್ಥಿತಿಯಲ್ಲಿ ತಲುಪಿದೆ" ಎಂದು ಅವರ ಗುಮಾಸ್ತರ ಷರಾ ಇತ್ತು. ಅದೇ ಕಾಯಿಲ್‌ನಿಂದ ಕತ್ತರಿಸಿದ ಹತ್ತು ತಗಡುಗಳು ನಮ್ಮ ಉಗ್ರಾಣದಲ್ಲೇ ಉಳಿದಿದ್ದವು. ಅವುಗಳಲ್ಲಿ ಒಂದೂ ಬಿಳಿಯಾಗಿರಲಿಲ್ಲ. ಆದರೆ ಒಂದು ಕೊರತೆಯೂ ನಮ್ಮ ಗಮನಕ್ಕೆ ಬಂದಿತು. ತಗಡುಗಳನ್ನು ಮಳೆಗಾಲದಲ್ಲಿ ಹೇಗೆ ಇಡಬೇಕೆಂಬ ಸೂಚನೆಯನ್ನು ನಾವು ಬಾಯಿಮಾತಿನಲ್ಲಿ ಹೇಳುತ್ತಿದ್ದೆವೇ ಹೊರತು, ಬಿಲ್ಲಿನೊಡನೆ ಬರವಣಿಗೆಯಲ್ಲಿ ಕಳುಹಿಸುವ ಪದ್ಧತಿ ನಮ್ಮಲ್ಲಿರಲಿಲ್ಲ.

ಜುಲೈ 18ರಂದು ಹೋಗಿ ನೋಡಿದಾಗ ತಗಡುಗಳು ಅಂಗಡಿಯ ಹಿಂಭಾಗದಲ್ಲಿ ಬಯಲಿನಲ್ಲಿದ್ದವು. ಮೇಲೆ ಪ್ಲಾಸ್ಟಿಕ್ ತಾಡಪತ್ರಿಯನ್ನು ಹೊದಿಸಿ, ನಾಲ್ಕೂ ಕಡೆ ನೆಲಕ್ಕೆ ಬಿಗಿದಿದ್ದ ಗುರುತಿತ್ತು. ಜಾಗರೂಕತೆಯಿಂದಲೇ ಮಾಡಿದ ಕೆಲಸವದು; ಆದರೆ ಒಳಗಿನ ತೇವ ಹೊರಹೋಗಲು ದಾರಿಯಿರಲಿಲ್ಲ. 240ರಲ್ಲಿ 46 ತಗಡುಗಳ ಮೇಲೆ ಕಲೆಯಿತ್ತು. ಕಲೆ ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತಿತ್ತು. ಪೇರಿಕೆಯ ತೀರ ಮೇಲಿನ ತಗಡಿನ ಹೊರಮೈ ಶುದ್ಧವಾಗಿತ್ತು. ಒಂದಕ್ಕೊಂದು ತಾಗಿದ್ದ ಒಳಮೈಗಳಲ್ಲಿ, ಅದರಲ್ಲೂ ನೀರು ನುಗ್ಗಿದ ಅಂಚಿನಿಂದ ಒಂದೆರಡು ಅಡಿಯವರೆಗೆ ಬಿಳಿಯಾಗಿತ್ತು. ಲೇಪನವೇ ತೆಳುವಾಗಿದ್ದರೆ ಪೇರಿಸಿದ ರೀತಿಗೆ ಸಂಬಂಧವಿಲ್ಲದೆ ತಗಡಿನ ಎಲ್ಲೆಡೆ ಅಳತೆ ಕಡಿಮೆ ಬರಬೇಕಾಗಿತ್ತು. ಬೇಗನೆ ಕೆಂಪು ತುಕ್ಕೂ ಕಾಣಬೇಕಾಗಿತ್ತು.

ಆರು ತಗಡುಗಳನ್ನು ಅವರೇ ಆರಿಸಿಕೊಟ್ಟರು. ಒಳಗೆ ತಂದು, ಒರೆಸಿ ಒಣಗಿಸಿ, ನೈಲಾನ್ ಬ್ರಷ್‌ನಿಂದ ಪುಡಿಯನ್ನು ಉಜ್ಜಿ ತೆಗೆದು, ಅವರ ಎದುರಿಗೇ ಲೇಪನದ ದಪ್ಪವನ್ನು ಅಳೆಯುವ ಉಪಕರಣದಿಂದ ಅಳೆದೆವು. ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಎಂದರೆ ಒಂದು ಬದಿಗೆ ಸುಮಾರು 8 ಮೈಕ್ರಾನ್. ಅಳತೆ 8ರಿಂದ 9ರ ನಡುವೆ ಬಂದಿತು. ಒಂಬತ್ತು ತಗಡುಗಳಲ್ಲಿ ಮಾತ್ರ ಪುಡಿ ಹೋದ ಮೇಲೂ ಕಪ್ಪು ಛಾಯೆ ಉಳಿಯಿತು. ಅಲ್ಲಿ ಅಳತೆ ಸ್ವಲ್ಪ ಕಡಿಮೆಯೇ ಇತ್ತು. ಇಷ್ಟು ತೆಳುವಾದ ಲೇಪನದಲ್ಲಿ ಈ ಉಪಕರಣ ಒಂದು ಮೈಕ್ರಾನ್ ಹೆಚ್ಚುಕಡಿಮೆ ತೋರಿಸುವುದುಂಟು. ಆದ್ದರಿಂದ ಅದರ ಮಾತನ್ನೇ ಕೊನೆಯ ಮಾತೆಂದು ವಾದಿಸುವುದು ಸರಿಯಲ್ಲ. ಪ್ರಯೋಗಶಾಲೆಯಲ್ಲಿ ತಗಡಿನ ತುಂಡನ್ನು ತೂಗಿ, ಆಮ್ಲದಲ್ಲಿ ಸತುವನ್ನು ಕರಗಿಸಿ, ಮತ್ತೆ ತೂಗಿ ನೋಡುವ ಪರೀಕ್ಷೆಯೇ ನಿರ್ಣಾಯಕ. ಅದಕ್ಕಾಗಿ ಕಲೆಯಿಲ್ಲದ ಭಾಗಗಳಿಂದ ಮೂರು ತುಂಡುಗಳನ್ನು ಕತ್ತರಿಸಿ, ಇಬ್ಬರೂ ರುಜು ಮಾಡಿದ ಲಕೋಟೆಯಲ್ಲಿ ಇರಿಸಿದೆವು.

ಇನ್ನು ಉತ್ತರದ ಮಾತು. ಹಿಂದಿರುಗಿದ ಮೇಲೆ ನಾನು ಬರೆದ ಮೊದಲ ಕರಡು ಹೀಗಿತ್ತು: "ನಮ್ಮಿಂದಾದ ತೊಂದರೆಗೆ ಕ್ಷಮಿಸಿ. ತಗಡುಗಳಲ್ಲಿ ಕಂಡುಬಂದ ದೋಷಕ್ಕೆ ಸೂಕ್ತ ಪರಿಹಾರ ನೀಡಲು ಸಿದ್ಧರಿದ್ದೇವೆ. ಆದರೆ ತಾವು ಸರಕನ್ನು ಸರಿಯಾಗಿ ಇಟ್ಟುಕೊಳ್ಳದಿರುವುದೇ ಇದಕ್ಕೆ ಕಾರಣ." ಮೂರು ವಾಕ್ಯಗಳಲ್ಲಿ ನಾನು ಎರಡು ಕಡೆಯಿಂದಲೂ ಕೆಟ್ಟೆ. ಮೊದಲೆರಡು ವಾಕ್ಯಗಳು ಮಾಡದ ತಪ್ಪನ್ನು ಒಪ್ಪುತ್ತವೆ. ಮೂರನೆಯದು ಗ್ರಾಹಕರ ಮುಖಕ್ಕೆ ಬೆರಳು ತೋರಿಸುತ್ತದೆ.

ನಮ್ಮ ವ್ಯವಹಾರದ ಕನ್ನಡದಲ್ಲಿ ಕೆಲವು ಪದಗಳು ಇಂಥ ಪತ್ರದಲ್ಲಿ ಅಪಾಯಕಾರಿ. "ನಮ್ಮಿಂದಾದ ತೊಂದರೆ" ಎಂದರೆ ಕಾರಣ ನಾವೆಂದಾಯಿತು. "ತಮಗಾದ ತೊಂದರೆ" ಎಂದರೆ ತೊಂದರೆಯಾದದ್ದು ನಿಜವೆಂದಷ್ಟೇ ಆಯಿತು. "ಕ್ಷಮಿಸಿ" ಎಂಬುದರಲ್ಲಿ ತಪ್ಪಿನ ಛಾಯೆಯಿದೆ. "ವಿಷಾದಿಸುತ್ತೇವೆ" ಎಂಬುದರಲ್ಲಿ ಸಹಾನುಭೂತಿ ಮಾತ್ರ ಇದೆ. "ದೋಷ" ಎಂಬುದು ಸರಕಿನ ಮೇಲಿನ ತೀರ್ಪು; "ಕಲೆ" ಎಂಬುದು ಕಣ್ಣಿಗೆ ಕಂಡ ಸಂಗತಿ. ಎಲ್ಲಕ್ಕಿಂತ ಮಿಗಿಲಾಗಿ "ಪರಿಹಾರ" ಎಂಬ ಪದ. ಸಮಸ್ಯೆ ಬಗೆಹರಿಸುವುದಕ್ಕೂ, ನಷ್ಟ ತುಂಬಿಕೊಡುವುದಕ್ಕೂ ನಾವು ಅದೊಂದೇ ಪದವನ್ನು ಬಳಸುತ್ತೇವೆ. ಬರೆದವರು ಮೊದಲನೆಯ ಅರ್ಥದಲ್ಲಿ ಬರೆದಿರುತ್ತಾರೆ, ಓದಿದವರು ಎರಡನೆಯ ಅರ್ಥದಲ್ಲಿ ಓದಿಕೊಳ್ಳುತ್ತಾರೆ. ಆ ಸ್ಥಾನದಲ್ಲಿ "ನೆರವು" ಎಂದು ಬರೆದು, ಏನು ನೆರವು, ಎಷ್ಟು, ಯಾವಾಗ ಎಂದು ಬಿಡಿಸಿ ಹೇಳುವುದು ಕ್ಷೇಮ.

ಇದು ಬರಿಯ ಪದಗಳ ಜಗಳವೆಂದು ಕೆಲವರಿಗೆ ತೋರಬಹುದು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಹಳೆಯದರಂತೆ ಹೊಸದರಲ್ಲಿಯೂ, ಒಬ್ಬನು ಮಾಡಿದ ಒಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಅವನ ಪರವಾಗಿ ಮಾತನಾಡಲು ಅಧಿಕಾರವುಳ್ಳ ಪ್ರತಿನಿಧಿಯ ಮಾತಿಗೂ ಇದು ಅನ್ವಯಿಸುತ್ತದೆ. ಮೊಬೈಲಿನ ಸಂದೇಶವೂ ದಾಖಲೆಯೇ. ಒಪ್ಪಿಗೆಯು ಅಂತಿಮ ಪುರಾವೆಯಲ್ಲ, ಅದು ಸರಿಯಲ್ಲವೆಂದು ತೋರಿಸಲು ಅವಕಾಶವಿದೆ. ಆದರೆ ತೋರಿಸುವ ಹೊರೆ ನಮ್ಮ ಹೆಗಲಿಗೆ ಬೀಳುತ್ತದೆ. "ಹಕ್ಕುಗಳಿಗೆ ಬಾಧೆಯಿಲ್ಲದೆ" ಎಂದು ಪತ್ರದ ತಲೆಯ ಮೇಲೆ ಬರೆದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಆ ರಕ್ಷಣೆ ರಾಜಿಯ ಮಾತುಕತೆಗೆ ಸಂಬಂಧಿಸಿದ್ದು. ಮುಂದೆ ಸಾಕ್ಷ್ಯವಾಗಿ ಬಳಸಬಾರದೆಂಬ ಷರತ್ತು ಅಥವಾ ಒಪ್ಪಂದ ಇದ್ದಾಗ ಮಾತ್ರ ದೊರೆಯುವಂಥದ್ದು. ವಸ್ತುಸ್ಥಿತಿಯನ್ನು ಹೇಳುವ ಪತ್ರಕ್ಕೆ ಅದು ಬೇಕಿಲ್ಲ. ಅಂಥ ಪತ್ರವನ್ನು ಮುಂದೆ ನಾವೇ ತೋರಿಸಬೇಕಾಗಿ ಬರಬಹುದಲ್ಲ!

ಕೊನೆಗೆ ಜುಲೈ 20ರಂದು ಕಳುಹಿಸಿದ ಪತ್ರವನ್ನು, ಹೆಸರುಗಳನ್ನು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

"ಮಾನ್ಯರೇ,

ತಮ್ಮ 15ನೆಯ ತಾರೀಖಿನ ಪತ್ರಕ್ಕೆ ಉತ್ತರ. ಮಳೆಗಾಲದ ವ್ಯಾಪಾರದ ನಡುವೆ ತಗಡುಗಳ ಮೇಲೆ ಕಲೆ ಕಾಣಿಸಿಕೊಂಡು, ತಾವು ತಮ್ಮ ಗ್ರಾಹಕರಿಗೆ ಉತ್ತರಿಸಬೇಕಾಗಿ ಬಂದುದಕ್ಕೆ ನಾವು ಮನಃಪೂರ್ವಕ ವಿಷಾದಿಸುತ್ತೇವೆ. 18ರಂದು ತಾವು ಬಿಡುವು ಮಾಡಿಕೊಂಡು ಸರಕನ್ನು ತೋರಿಸಿದ್ದಕ್ಕೆ ಕೃತಜ್ಞರಾಗಿದ್ದೇವೆ.

ಅಂದು ಇಬ್ಬರ ಸಮಕ್ಷಮದಲ್ಲಿ ಕಂಡದ್ದು ಇಷ್ಟು: 240 ತಗಡುಗಳಲ್ಲಿ 194ರಲ್ಲಿ ಕಲೆಯಿಲ್ಲ. 37ರಲ್ಲಿ ಇದ್ದ ಬಿಳಿಯ ಪುಡಿ ಉಜ್ಜಿದರೆ ಹೋಗುವಂಥದ್ದು. 9ರಲ್ಲಿ ಕಪ್ಪು ಛಾಯೆ ಉಳಿಯುತ್ತದೆ. ತಾವು ಆರಿಸಿದ ಆರು ತಗಡುಗಳಲ್ಲಿ ಲೇಪನದ ಅಳತೆಗಳನ್ನು ಲಗತ್ತಿಸಿದ ಹಾಳೆಯಲ್ಲಿ ಬರೆದಿದೆ. ಕಾರ್ಖಾನೆಯ ಪ್ರಮಾಣಪತ್ರದ ಪ್ರತಿಯನ್ನೂ ಇರಿಸಿದೆ.

ಸತುವಿನ ಲೇಪನವಿರುವ ಯಾವುದೇ ತಗಡುಗಳ ನಡುವೆ ತೇವ ಸೇರಿ ಗಾಳಿಯಾಡದಿದ್ದರೆ ಇಂಥ ಕಲೆ ಏಳುತ್ತದೆ. ಕಲೆ ಇರುವ ಜಾಗ ಮತ್ತು ಅಳತೆಗಳನ್ನು ನೋಡಿದರೆ ಇಲ್ಲಿಯೂ ಕಾರಣ ಅದೇ ಎಂಬುದು ನಮ್ಮ ಅಭಿಪ್ರಾಯ. ಲೇಪನ ಒಪ್ಪಿದ ದರ್ಜೆಗಿಂತ ಕಡಿಮೆಯಿತ್ತೆಂದು ನಾವು ಒಪ್ಪಲಾರೆವು. ನಮ್ಮ ಪ್ರತಿನಿಧಿ 15ರಂದು ಕಳುಹಿಸಿದ ಸಂದೇಶ ಸರಕನ್ನು ನೋಡುವ ಮೊದಲು ಬರೆದದ್ದು; ಅದು ತಪಾಸಣೆಯ ಫಲಿತಾಂಶವಲ್ಲವೆಂದು ತಿಳಿಸಬಯಸುತ್ತೇವೆ. ಮಳೆಗಾಲದ ದಾಸ್ತಾನಿನ ಸೂಚನೆಯನ್ನು ನಾವು ಈವರೆಗೆ ಬರವಣಿಗೆಯಲ್ಲಿ ಕಳುಹಿಸುತ್ತಿರಲಿಲ್ಲ. ಇನ್ನು ಮುಂದೆ ಪ್ರತಿ ಬಿಲ್ಲಿನೊಡನೆ ಕಳುಹಿಸುತ್ತೇವೆ.

ನಮ್ಮ ಅಭಿಪ್ರಾಯ ತಮಗೆ ಸಮ್ಮತವಲ್ಲದಿದ್ದರೆ, ರುಜು ಮಾಡಿದ ಮೂರು ಮಾದರಿಗಳನ್ನು ತಾವು ಹೇಳುವ ಮಾನ್ಯತೆ ಪಡೆದ ಪ್ರಯೋಗಶಾಲೆಗೆ ನಮ್ಮ ಖರ್ಚಿನಲ್ಲಿ ಕಳುಹಿಸೋಣ. ಒಪ್ಪಿದ ದರ್ಜೆಗಿಂತ ಲೇಪನ ಕಡಿಮೆಯೆಂದು ವರದಿ ಬಂದಲ್ಲಿ 240 ತಗಡುಗಳನ್ನೂ ಬದಲಿಸಿಕೊಡುತ್ತೇವೆ.

ನಮ್ಮ ತಮ್ಮ ನಡುವಿನ ಬಹುಕಾಲದ ವ್ಯವಹಾರವನ್ನು ಗೌರವಿಸಿ, ಹೊಣೆಯ ಪ್ರಶ್ನೆಗೆ ಸಂಬಂಧವಿಲ್ಲದೆ, ಎರಡು ನೆರವನ್ನು ನೀಡಬಯಸುತ್ತೇವೆ. ನಮ್ಮ ಇಬ್ಬರು ಕೆಲಸಗಾರರು ಬಂದು 37 ತಗಡುಗಳನ್ನು ಶುಚಿಮಾಡಿ ಒಣಗಿಸಿ ಕೊಡುತ್ತಾರೆ. ಮುಂದಿನ ಆದೇಶದಲ್ಲಿ 9 ತಗಡುಗಳನ್ನು ಲಾಭವಿಲ್ಲದೆ, ತಗಡಿಗೆ 200 ರೂಪಾಯಿ ಕಡಿಮೆ ದರದಲ್ಲಿ ಕೊಡುತ್ತೇವೆ.

ಜುಲೈ 8ಕ್ಕೆ ಸಲ್ಲಬೇಕಾಗಿದ್ದ 1,50,000 ರೂಪಾಯಿಯ ಬಾಕಿಯ ಬಗ್ಗೆ ತಮಗೆ ಅನುಕೂಲವಾದ ದಿನಾಂಕವನ್ನು ತಿಳಿಸಬೇಕಾಗಿ ಕೋರುತ್ತೇವೆ.

ತಮ್ಮ ವಿಶ್ವಾಸಿ."

ಈ ಪತ್ರದಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ: ವಿಷಾದ, ಸಂಗತಿ, ನೆರವು. ಒಂದರ ಮೇಲೊಂದು ಒರಗದಂತೆ ಅವುಗಳನ್ನು ಇಡುವುದರಲ್ಲಿಯೇ ಇಂಥ ಉತ್ತರದ ಗುಟ್ಟಿದೆ. "ವಿಷಾದಿಸುತ್ತೇವೆ, ಆದ್ದರಿಂದ ರಿಯಾಯಿತಿ ಕೊಡುತ್ತೇವೆ" ಎಂದು ಬರೆದಿದ್ದರೆ ರಿಯಾಯಿತಿಯೇ ತಪ್ಪಿನ ಬೆಲೆಯಾಗುತ್ತಿತ್ತು. ನೆರವಿಗೆ ಕಾರಣ ಬಹುಕಾಲದ ವ್ಯವಹಾರವೆಂದು ಹೇಳಿದ್ದು ನಿಜವಾದ ಮಾತೂ ಹೌದು, ಕ್ಷೇಮವಾದ ಮಾತೂ ಹೌದು. ಬರೆದದ್ದಕ್ಕೆ ನಮ್ಮ ಲೆಕ್ಕಪತ್ರವೂ ಹೊಂದಬೇಕು. ಪತ್ರದಲ್ಲಿ ತಪ್ಪಿಲ್ಲವೆಂದು ಬರೆದು, ಗುಮಾಸ್ತರು "ದೋಷಯುಕ್ತ ಸರಕು" ಎಂಬ ಕಾರಣ ನಮೂದಿಸಿ ಕ್ರೆಡಿಟ್ ನೋಟ್ ಕೊಟ್ಟರೆ ಆ ಕಾಗದವೇ ನಮ್ಮ ವಿರುದ್ಧ ನಿಲ್ಲುತ್ತದೆ. ಆದ್ದರಿಂದಲೇ ನಾವು ಹಿಂದಿನ ಬಿಲ್ಲನ್ನು ಮುಟ್ಟದೆ, ಮುಂದಿನ ಬಿಲ್ಲಿನಲ್ಲಿ ರಿಯಾಯಿತಿಯನ್ನು ಸ್ಪಷ್ಟವಾಗಿ ತೋರಿಸಿದೆವು. ಮಾರಾಟದ ಸಮಯದಲ್ಲೇ ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಗೆ ಜಿಎಸ್‌ಟಿಯ ತೊಡಕೂ ಇಲ್ಲ.

ಗ್ರಾಹಕರ ಮೇಲೆ ತಪ್ಪು ಹೊರಿಸದೆ ಕಾರಣವನ್ನು ಹೇಗೆ ಹೇಳುವುದೆಂದು ಕೇಳಬಹುದು. "ತಾವು ಸರಿಯಾಗಿ ಇಡಲಿಲ್ಲ" ಎನ್ನುವ ಬದಲು "ತಗಡುಗಳ ನಡುವೆ ತೇವ ಸೇರಿ ಗಾಳಿಯಾಡದಿದ್ದರೆ" ಎಂದೆವು. ಸಂಗತಿ ಒಂದೇ, ಆದರೆ ವಾಕ್ಯದಲ್ಲಿ ಅಪರಾಧಿಯಿಲ್ಲ. ಆ ವ್ಯಾಪಾರಿಗಳ ಹಿಂದೆ ಅಡಿಕೆ ಬೆಳೆಗಾರರೊಬ್ಬರು ನಿಂತು ಅವರನ್ನು ಪೀಡಿಸುತ್ತಿದ್ದರೆಂಬುದು ನಮಗೆ ಭೇಟಿಯಲ್ಲಿ ತಿಳಿಯಿತು. ನಮ್ಮ ಪತ್ರವನ್ನು ಅವರು ತಮ್ಮ ಗ್ರಾಹಕರಿಗೆ ತಲೆಯೆತ್ತಿ ತೋರಿಸುವಂತಿರಬೇಕು. ಅವರನ್ನು ಹೀನಾಯ ಮಾಡುವ ಒಂದು ಸಾಲಿದ್ದರೂ ಆ ಪತ್ರ ಅವರ ಮೇಜಿನ ಖಾನೆಯಿಂದ ಹೊರಬರುತ್ತಿರಲಿಲ್ಲ.

ಲಿಖಿತ ಸೂಚನೆ ಕಳುಹಿಸುತ್ತಿರಲಿಲ್ಲವೆಂಬ ವಾಕ್ಯವನ್ನು ತೆಗೆದುಹಾಕಿ ಎಂದು ನಮ್ಮ ವಕೀಲರು ಹೇಳಿದರು. ನಾನು ಉಳಿಸಿಕೊಂಡೆ. ಸುಳ್ಳು ಒಪ್ಪಿಗೆ ಬೇಡವೆನ್ನುವುದಕ್ಕೂ ಯಾವ ಒಪ್ಪಿಗೆಯೂ ಬೇಡವೆನ್ನುವುದಕ್ಕೂ ಅಂತರವಿದೆ. ಆ ಕೊರತೆ ಇದ್ದದ್ದು ನಿಜ. ಅದನ್ನು ಅದರ ಅಳತೆಗೆ ತಕ್ಕಷ್ಟೇ ಹೇಳಿದ್ದರಿಂದ, ಲೇಪನ ಕಳಪೆಯಲ್ಲವೆಂಬ ನಮ್ಮ ಮಾತಿಗೆ ತೂಕ ಬಂದಿತೆಂದೇ ನನ್ನ ನಂಬಿಕೆ. ಎಲ್ಲವನ್ನೂ ಅಲ್ಲಗಳೆಯುವವನ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. ಆದರೆ ವಕೀಲರ ಎಚ್ಚರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾರಿಗಾದರೂ ಗಾಯವಾಗಿರುವ ಪ್ರಕರಣದಲ್ಲಿ, ನೋಟಿಸು ಬಂದಾಗಿರುವಲ್ಲಿ, ಇಂಥ ವಾಕ್ಯವನ್ನು ಅವರ ಸಲಹೆಯಿಲ್ಲದೆ ಬರೆಯಕೂಡದು.

ಸಣ್ಣ ತಯಾರಕರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಬರಬೇಕಾದ ಹಣವನ್ನು ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕು. ಈ ಎಣಿಕೆ ಸರಕನ್ನು ಅಂಗೀಕರಿಸಿದ ದಿನದಿಂದ ಆರಂಭವಾಗುತ್ತದೆ. ಸರಕು ತಲುಪಿದ 15 ದಿನಗಳೊಳಗೆ ಕೊಳ್ಳುವವರು ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಿದರೆ, ಅದನ್ನು ನಾವು ನಿವಾರಿಸಿದ ದಿನವೇ ಅಂಗೀಕಾರದ ದಿನವಾಗುತ್ತದೆ. ಸಲ್ಲಿಸದಿದ್ದರೆ ಸರಕು ತಲುಪಿದ ದಿನವೇ ಅಂಗೀಕಾರದ ದಿನ. ನಮ್ಮ ಪ್ರಸಂಗದಲ್ಲಿ ದೂರು ಬಂದದ್ದು 37ನೆಯ ದಿನ. ಆದ್ದರಿಂದ ಬಾಕಿಯ ದಿನಾಂಕ ಅಲುಗಿರಲಿಲ್ಲ. ಹಾಗೆಂದು ತಡವಾಗಿ ಕಾಣಿಸುವ ನಿಜವಾದ ದೋಷಕ್ಕೆ ಕೊಳ್ಳುವವರಿಗೆ ಇರುವ ಹಕ್ಕು ಇದರಿಂದ ಹೋಗುವುದಿಲ್ಲ. 15 ದಿನಗಳೊಳಗೆ ದೂರು ಬಂದಿದ್ದರೆ, ಅದಕ್ಕೆ ದಿನಾಂಕಸಹಿತ ಉತ್ತರ ಕೊಡದೆ ಸುಮ್ಮನಿರುವುದು ನಮ್ಮ ಹಣಕ್ಕೇ ಸಂಚಕಾರ. ಆದರೂ ಪತ್ರದಲ್ಲಿ ನಾನು ಈ ಕಾಯಿದೆಯ ಹೆಸರನ್ನು ಎತ್ತಲಿಲ್ಲ, ಬಡ್ಡಿಯ ಮಾತನ್ನು ಆಡಲಿಲ್ಲ. ದಿನಾಂಕವನ್ನು ನಮೂದಿಸಿದರೆ ಹಕ್ಕು ಉಳಿಯುತ್ತದೆ. ಬೆದರಿಸಿದರೆ ಮಾತುಕತೆ ಮುರಿಯುತ್ತದೆ.

"ಗ್ರಾಹಕರು ದೇವರ ಸಮಾನ, ಕ್ಷಮೆ ಕೇಳಿದರೆ ನಾವೇನು ಸವೆದು ಹೋಗುತ್ತೇವೆಯೇ?" ಎಂದು ಹಿರಿಯ ವರ್ತಕರೊಬ್ಬರು ನನ್ನನ್ನು ಕೇಳಿದ್ದುಂಟು. ಗಿರಾಕಿ ಅಂಗಡಿಯ ಮುಂದೆ ನಿಂತು ನೂರು ರೂಪಾಯಿಯ ವಸ್ತುವಿಗೆ ತಕರಾರು ಮಾಡಿದಾಗ ಅವರ ಮಾತು ಸರಿ. ಅಲ್ಲಿ ತನಿಖೆಯ ಖರ್ಚೇ ವಸ್ತುವಿಗಿಂತ ಹೆಚ್ಚು. ಆದರೆ ಕಳಪೆ ಲೇಪನವೆಂದು ನಾವೇ ಬರೆದುಕೊಟ್ಟ ಕಾಗದ ಒಬ್ಬ ಗ್ರಾಹಕರಲ್ಲಿಗೆ ನಿಲ್ಲುವುದಿಲ್ಲ. ಅದೇ ಕಾಯಿಲ್‌ನ ತಗಡುಗಳನ್ನು ಕೊಂಡ ಇತರರಿಗೆ ನಾವೇನು ಉತ್ತರ ಕೊಡಬೇಕು? ನಮಗೆ ಕಾಯಿಲ್ ಪೂರೈಸಿದವರ ಮೇಲೆ ಇಲ್ಲದ ಅಪವಾದ ಹೊರಿಸಿದಂತಾಗಲಿಲ್ಲವೇ? ದೂರು ಕೊಟ್ಟವರಿಗೂ ಅದರಿಂದ ಉಪಕಾರವಿಲ್ಲ. ಬದಲಿಸಿಕೊಟ್ಟ ತಗಡುಗಳನ್ನೂ ಅವರು ಅದೇ ತಾಡಪತ್ರಿಯ ಕೆಳಗೆ ಇಡುತ್ತಿದ್ದರು, ಅವುಗಳೂ ಬಿಳಿಯಾಗುತ್ತಿದ್ದವು.

ಮುಂದೆ ನಡೆದದ್ದನ್ನು ಬಣ್ಣ ಕಟ್ಟದೆ ಹೇಳುತ್ತೇನೆ. ಪತ್ರ ತಲುಪಿದ ಮೇಲೆ ನಾಲ್ಕು ದಿನ ಅವರಿಂದ ಮಾತಿಲ್ಲ. ಐದನೆಯ ದಿನ ದೂರವಾಣಿಯಲ್ಲಿ, "ಕೆಲಸದವರನ್ನು ಕಳುಹಿಸಿಕೊಡಿ, ಪ್ರಯೋಗಶಾಲೆ ಬೇಡ" ಎಂದರು. ನಮ್ಮವರು ಹೋಗಿ ಒಂದು ದಿನದಲ್ಲಿ ಕೆಲಸ ಮುಗಿಸಿ ಬಂದರು. ಕಪ್ಪು ಛಾಯೆಯ ಒಂಬತ್ತನ್ನು ಅವರು ಬೇಲಿಯ ಕೆಲಸಕ್ಕೆ ಮಾರಿಕೊಂಡರು. ಬಾಕಿಯ ಹಣ ಎರಡು ಕಂತಿನಲ್ಲಿ ಆಗಸ್ಟ್ ಕೊನೆಯೊಳಗೆ ಬಂದಿತು. ಆ ವರ್ಷ ಅವರು ಬೇರೆಯವರಿಂದಲೂ ತಗಡು ತರಿಸಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ನಮಗೆ ಆದೇಶ ಕೊಟ್ಟರು. ಮೋಸವೆಂಬ ಮಾತನ್ನು ಅವರು ಹಿಂತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಉತ್ತರದಲ್ಲಿ ಆ ಪದವನ್ನು ಎತ್ತಿ ಆಡದಿದ್ದುದರಿಂದಲೇ ಇಬ್ಬರಿಗೂ ಅದನ್ನು ದಾಟಿ ಹೋಗಲು ಸಾಧ್ಯವಾಯಿತು.

ನಮ್ಮ ಮಾರಾಟ ಪ್ರತಿನಿಧಿಗಳಿಗೆ ಈಗ ಒಂದೇ ನಿಯಮ. ದೂರಿನ ಛಾಯಾಚಿತ್ರ ಬಂದರೆ, "ತಲುಪಿತು, ಯಜಮಾನರಿಗೆ ತೋರಿಸಿ ಇಂದೇ ಉತ್ತರಿಸುತ್ತೇವೆ" ಎಂದಷ್ಟೇ ಬರೆಯಬೇಕು. ಕಾರಣವನ್ನು ಊಹಿಸಬಾರದು, ಬದಲಿಸಿಕೊಡುವ ಮಾತು ಕೊಡಬಾರದು. ಪ್ರತಿ ಬಿಲ್ಲಿಗೂ ಒಂದು ಚೀಟಿಯನ್ನು ಪಿನ್ನು ಮಾಡುತ್ತೇವೆ: ತಗಡುಗಳನ್ನು ಸೂರಿನ ಕೆಳಗೆ, ನೆಲದಿಂದ ಎತ್ತರಿಸಿ, ಒಂದು ಕಡೆಗೆ ಇಳಿಜಾರಾಗಿ ಇಡಿ; ನಡುವೆ ರೀಪು ಕೊಟ್ಟು ಗಾಳಿಯಾಡಲು ಬಿಡಿ; ತಾಡಪತ್ರಿಯನ್ನು ನೆಲದವರೆಗೆ ಬಿಗಿಯಬೇಡಿ; ನೆನೆದಿದ್ದರೆ ಅಂದೇ ಬಿಡಿಸಿ ಒರೆಸಿ. ಕೆಳಗೆ ತಲುಪಿಸಿಕೊಂಡವರ ರುಜುವಿಗೆ ಜಾಗವಿದೆ. ಚೀಟಿಯ ಮುದ್ರಣಕ್ಕೆ ತಗಲುವ ಖರ್ಚು ಕೆಲವೇ ಪೈಸೆ. ಅದನ್ನು ಹತ್ತು ವರ್ಷ ಮೊದಲೇ ಮಾಡದಿದ್ದುದಕ್ಕೆ ಮಾತ್ರ ನಾನು ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳಲು ಸಿದ್ಧ.